ಲಿಂಕ್ ಕಡಿದ ಮೇಲೆ, ಟೇಬಲ್ ಬದಲಾಗುವ ಮುಂಚೆ: ನೆಟ್‌ವರ್ಕ್ ಪಾಠಕ್ಕೆ ಕೆಲವು ಪ್ರಶ್ನೆಗಳು

(ಬೆಳಗಾವಿಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ಸ್ ಪಾಠ ಮಾಡುವ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾವು ತೆಗೆಯುವ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನಾಲ್ಕೈದು ರೂಟರ್‌ಗಳ ಚಿತ್ರ, ಗೆರೆಗಳ ಮೇಲೆ ಕಾಸ್ಟ್. ರೂಟಿಂಗ್ ಟೇಬಲ್ ಬರೆಯಿರಿ. ಆಮೇಲೆ ಒಂದು ಲಿಂಕ್ ಕಡಿದಿದೆ, ಹೊಸ ಟೇಬಲ್ ಬರೆಯಿರಿ. ಮಕ್ಕಳು ಎರಡನ್ನೂ ಸರಿಯಾಗಿ ಬರೆಯುತ್ತಾರೆ, ಪೂರ್ತಿ ಮಾರ್ಕ್ಸ್ ಸಿಗುತ್ತದೆ. ಆದರೆ ಮೊದಲ ಟೇಬಲ್‌ನಿಂದ ಎರಡನೇ ಟೇಬಲ್‌ಗೆ ನೆಟ್‌ವರ್ಕ್ ಹೇಗೆ ಬಂತು, ಅಷ್ಟರಲ್ಲಿ ದಾರಿಯಲ್ಲಿದ್ದ ಪ್ಯಾಕೆಟ್‌ಗಳ ಗತಿ ಏನಾಯಿತು ಅಂತ ಕೇಳಿ ನೋಡಿ. ಅದೇ ಮಕ್ಕಳು ತಡವರಿಸುತ್ತಾರೆ. ಆ ಪ್ರಶ್ನೆಯನ್ನು ನಾವು ಕೇಳಿಯೇ ಇಲ್ಲ, ಅದಕ್ಕೆ.

ಜನಕ್ಕೆ ತೊಂದರೆ ಆಗುವುದು ಆ ನಡುವಿನ ಹೊತ್ತಿನಲ್ಲೇ. ಹಾಗಾಗಿ ಇವತ್ತು ನಾನು ಅದನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಚಿತ್ರ ತೀರಾ ಚಿಕ್ಕದು. ಮೂರೇ ರೂಟರ್, ಮೂರೇ ಲಿಂಕ್.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಅಂತ ಹೆಸರಿಡೋಣ. ಇದು ಯಾರದೋ ನಿಜವಾದ ಜಾಲ ಅಲ್ಲ, ಪಾಠಕ್ಕೆ ಅಂತ ಮಾಡಿಕೊಂಡದ್ದು. ಬೆಳಗಾವಿ–ವಿಜಯಪುರ ಕಾಸ್ಟ್ 10. ಬೆಳಗಾವಿ–ಬಾಗಲಕೋಟೆ ಕಾಸ್ಟ್ 10. ಬಾಗಲಕೋಟೆ–ವಿಜಯಪುರ ಕಾಸ್ಟ್ 30. ಮೂರೂ ಲಿಂಕ್ ಸೆಕೆಂಡಿಗೆ 100 ಮೆಗಾಬಿಟ್. ರೂಟರ್‌ಗಳಲ್ಲಿ ಓಎಸ್‌ಪಿಎಫ್ ನಡೆಯುತ್ತಿದೆ.

ಬೆಳಗಾವಿಯಿಂದ ವಿಜಯಪುರಕ್ಕೆ ನೇರ ದಾರಿ ಇದೆ. ಬಾಗಲಕೋಟೆಗೂ ವಿಜಯಪುರಕ್ಕೆ ನೇರ ಲಿಂಕ್ ಇದೆ, ಆದರೆ ಅದು 30. ಬೆಳಗಾವಿ ಮೇಲೆ ಸುತ್ತಿ ಹೋದರೆ 20. ಹಾಗಾಗಿ ಬಾಗಲಕೋಟೆಯ ಟೇಬಲ್‌ನಲ್ಲಿ ವಿಜಯಪುರಕ್ಕೆ ಹೋಗುವ ದಾರಿ ಬೆಳಗಾವಿ ಮೇಲೆ. ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ.

ಈಗ ಬೆಳಗಾವಿ–ವಿಜಯಪುರ ಲಿಂಕ್ ಕಡಿಯೋಣ. ಕೊನೆಗೆ ಬರುವ ಹೊಸ ಟೇಬಲ್ ಎಲ್ಲರಿಗೂ ಗೊತ್ತು: ಬೆಳಗಾವಿಯಿಂದ ಬಾಗಲಕೋಟೆ ಮೇಲೆ ವಿಜಯಪುರಕ್ಕೆ, ಕಾಸ್ಟ್ 40. ಅದು ಬಿಡಿ.

ನನ್ನ ಮೊದಲ ಪ್ರಶ್ನೆ ಇದು: ಲಿಂಕ್ ಕಡಿದದ್ದು ಬೆಳಗಾವಿ ರೂಟರ್‌ಗೆ ಹೇಗೆ ಗೊತ್ತಾಯಿತು?

ರಸ್ತೆ ಅಗಲ ಮಾಡುವಾಗ ಜೆಸಿಬಿ ಫೈಬರ್ ಕಿತ್ತುಹಾಕಿತು ಅಂದುಕೊಳ್ಳಿ. ಫೈಬರ್ ನೇರವಾಗಿ ರೂಟರ್‌ಗೇ ಬಂದಿದ್ದರೆ ಬೆಳಕು ನಿಲ್ಲುತ್ತದೆ, ಪೋರ್ಟ್ ಡೌನ್ ಆಗುತ್ತದೆ, ರೂಟರ್‌ಗೆ ಆ ಕ್ಷಣವೇ ತಿಳಿಯುತ್ತದೆ. ಆದರೆ ನಡುವೆ ಒಂದು ಸ್ವಿಚ್ ಇದ್ದರೆ? ಕಡಿದದ್ದು ಸ್ವಿಚ್‌ನ ಆಚೆ. ಸ್ವಿಚ್‌ನಿಂದ ರೂಟರ್‌ಗೆ ಬಂದ ಕೇಬಲ್ ಚೆನ್ನಾಗಿದೆ. ಪೋರ್ಟಿನ ಹಸಿರು ದೀಪ ಹಾಗೇ ಉರಿಯುತ್ತಿರುತ್ತದೆ. ರೂಟರ್ ಪಾಲಿಗೆ ಎಲ್ಲವೂ ಸರಿ, ಅದು ಪ್ಯಾಕೆಟ್‌ಗಳನ್ನು ಅದೇ ದಾರಿಗೆ ತಳ್ಳುತ್ತಲೇ ಇರುತ್ತದೆ. ಒಂದೂ ಆಚೆ ಮುಟ್ಟುವುದಿಲ್ಲ.

ಆಗ ಉಳಿಯುವ ದಾರಿ ಹಲೋ ಪ್ಯಾಕೆಟ್ ಒಂದೇ. ಇಂಥ ಲಿಂಕಿನಲ್ಲಿ ಓಎಸ್‌ಪಿಎಫ್‌ನ ರೂಢಿಯ ಲೆಕ್ಕ 10 ಸೆಕೆಂಡಿಗೊಂದು ಹಲೋ. 40 ಸೆಕೆಂಡ್ ಒಂದೂ ಹಲೋ ಬರದಿದ್ದರೆ ನೆರೆಯ ರೂಟರ್ ಸತ್ತಿದೆ ಎಂದು ತೀರ್ಮಾನ. ಇಲ್ಲಿ ಮಕ್ಕಳು ಥಟ್ಟನೆ "40 ಸೆಕೆಂಡ್" ಅನ್ನುತ್ತಾರೆ. ಅಲ್ಲೇ ತಡೆಯಿರಿ. 40 ಎಣಿಕೆ ಶುರುವಾಗುವುದು ಲಿಂಕ್ ಕಡಿದಾಗ ಅಲ್ಲ, ಕೊನೆಯ ಹಲೋ ಬಂದಾಗ. ಕಡಿಯುವ 6 ಸೆಕೆಂಡ್ ಮೊದಲು ಹಲೋ ಬಂದಿದ್ದರೆ, ಕಡಿದ 34 ಸೆಕೆಂಡಿಗೆ ಗೊತ್ತಾಗುತ್ತದೆ. ಅಂದರೆ ಉತ್ತರ 30ರಿಂದ 40 ಸೆಕೆಂಡಿನ ನಡುವೆ ಎಲ್ಲಾದರೂ ಇರಬಹುದು. ಈ ವ್ಯತ್ಯಾಸ ಸುಮ್ನೆ ಅಲ್ಲ, ಇದು ಎಷ್ಟು ದುಬಾರಿ ಅಂತ ಆಮೇಲೆ ನೋಡೋಣ.

ಲ್ಯಾಬಿನಲ್ಲಿ ಎರಡನ್ನೂ ತೋರಿಸಬಹುದು. ಒಂದೇ ಲಿನಕ್ಸ್ ಯಂತ್ರದಲ್ಲಿ ರೂಟರ್‌ಗಳಿಗೆ ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್, ಬೆಳಗಾವಿ ಮತ್ತು ವಿಜಯಪುರ ಕಡೆಯ ಕಂಪ್ಯೂಟರ್‌ಗಳಿಗೆ ಇನ್ನೆರಡು ಮಾಡಿ, ಮೂರು ರೂಟರ್‌ಗಳಲ್ಲೂ ಎಫ್‌ಆರ್‌ಆರ್ ಎಂಬ ರೂಟಿಂಗ್ ತಂತ್ರಾಂಶ ಓಡಿಸಿದರೆ ಸಾಕು. ಕೆಳಗೆ bgm ಅಂದರೆ ಬೆಳಗಾವಿ, bjp ಅಂದರೆ ವಿಜಯಪುರ. ಬೆಳಕು ನಿಂತ ಹಾಗೆ ಕಡಿಯಲು ಇಷ್ಟು:

```
ip netns exec bgm ip link set to-bjp down
```

ಸದ್ದಿಲ್ಲದೆ ಕಡಿಯಲು, ಪೋರ್ಟ್ ಹಾಗೇ ಇರಲಿ, ಎರಡೂ ತುದಿಯಲ್ಲಿ ಪ್ಯಾಕೆಟ್ ಮಾತ್ರ ಬೀಳಿಸಿ:

```
ip netns exec bgm tc qdisc add dev to-bjp root netem loss 100%
ip netns exec bjp tc qdisc add dev to-bgm root netem loss 100%
```

ಎರಡನೆಯದನ್ನು ಮಾಡಿ `show ip ospf neighbor` ಕೊಟ್ಟು ಕೂರಿ. ಡೆಡ್ ಟೈಮ್ ಎಣಿಕೆ ಇಳಿಯುತ್ತಾ ಹೋಗುವುದು ಕಾಣುತ್ತದೆ. ಎರಡು ತುದಿಗಳಲ್ಲಿ ಒಂದರಲ್ಲಾದರೂ ಅದು ಸೊನ್ನೆಗೆ ಬರುವ ತನಕ ರೂಟಿಂಗ್ ಟೇಬಲ್ ಕೂದಲಷ್ಟೂ ಕದಲುವುದಿಲ್ಲ. ಮಕ್ಕಳು ಇದನ್ನು ಒಮ್ಮೆ ಕಣ್ಣಾರೆ ನೋಡಲಿ.

ಇಲ್ಲಿಂದ ಕಥೆ ಎರಡು ಕವಲಾಗುತ್ತದೆ. ಬೆಳಕು ನಿಂತು ಬೇಗ ಗೊತ್ತಾದದ್ದು ಒಂದು. ಸದ್ದಿಲ್ಲದೆ ಕಡಿದು ತಡವಾಗಿ ಗೊತ್ತಾದದ್ದು ಇನ್ನೊಂದು. ಬೇಗ ಗೊತ್ತಾದರೆ ತೊಂದರೆಯೇ ಇಲ್ಲ ಅಂತ ಅನಿಸುತ್ತದೆ, ಅಲ್ವಾ? ಅದನ್ನೇ ಮೊದಲು ನೋಡೋಣ.

ಬೆಳಗಾವಿಗೆ ಕೂಡಲೇ ತಿಳಿಯಿತು. ಅದು ಲೆಕ್ಕ ಹಾಕಿ ವಿಜಯಪುರದ ಪ್ಯಾಕೆಟ್‌ಗಳನ್ನು ಬಾಗಲಕೋಟೆ ಕಡೆ ತಿರುಗಿಸಿತು. ಜೊತೆಗೆ ಲಿಂಕ್ ಹೋಯಿತು ಅಂತ ಸುದ್ದಿಯನ್ನೂ ಕಳಿಸಿತು. ಆ ಸುದ್ದಿ ಬಾಗಲಕೋಟೆ ಮುಟ್ಟಬೇಕು, ಅದೂ ಲೆಕ್ಕ ಹಾಕಬೇಕು, ಹೊಸ ದಾರಿಯನ್ನು ಫಾರ್ವರ್ಡಿಂಗ್ ಟೇಬಲ್‌ಗೆ ಇಳಿಸಬೇಕು. ಇದಕ್ಕೆ ಹತ್ತಾರು ಮಿಲಿಸೆಕೆಂಡ್ ಬೇಕು, ಕೆಲವು ಸಲ ನೂರಾರು. ಅಷ್ಟರಲ್ಲಿ ಬೆಳಗಾವಿಯಿಂದ ಬಂದ ಪ್ಯಾಕೆಟ್ ಬಾಗಲಕೋಟೆಗೆ ಸೇರಿತು. ಬಾಗಲಕೋಟೆ ತನ್ನ ಹಳೆಯ ಟೇಬಲ್ ನೋಡಿತು. ಬೋರ್ಡಿನ ಮೂಲೆಯಲ್ಲಿ ಬರೆದಿದ್ದೆವಲ್ಲ: ವಿಜಯಪುರಕ್ಕೆ ದಾರಿ ಬೆಳಗಾವಿ ಮೇಲೆ. ಪ್ಯಾಕೆಟ್ ವಾಪಸ್ ಬೆಳಗಾವಿಗೆ ಹೋಯಿತು. ಬೆಳಗಾವಿ ಮತ್ತೆ ಬಾಗಲಕೋಟೆಗೆ ಕಳಿಸಿತು.

ಇದಕ್ಕೆ ಮೈಕ್ರೋಲೂಪ್ ಅನ್ನುತ್ತಾರೆ. ಎರಡೂ ರೂಟರ್ ತಮಗೆ ಗೊತ್ತಿದ್ದಷ್ಟರಲ್ಲಿ ಸರಿಯಾಗಿಯೇ ನಡೆದಿವೆ. ಒಬ್ಬರ ಹತ್ತಿರ ಹೊಸ ಸುದ್ದಿ, ಇನ್ನೊಬ್ಬರ ಹತ್ತಿರ ಹಳೆಯದು, ಅಷ್ಟೇ. ಓಎಸ್‌ಪಿಎಫ್‌ನಲ್ಲಿ ಲೂಪ್ ಆಗುವುದೇ ಇಲ್ಲ ಅಂತ ಬರೆದ ಉತ್ತರಗಳು ನಮಗೆ ಬರುತ್ತಿರುತ್ತವೆ. ಎಲ್ಲರ ನಕ್ಷೆಯೂ ಒಂದೇ ಆದ ಮೇಲೆ ಆಗುವುದಿಲ್ಲ ಅನ್ನುವುದು ನಿಜ. ಒಂದೇ ಆಗುವ ತನಕ ಆಗಬಹುದು.

ಈಗ ಎರಡನೇ ಪ್ರಶ್ನೆ. ಬೆಳಗಾವಿಯಿಂದ ವಿಜಯಪುರಕ್ಕೆ ಸೆಕೆಂಡಿಗೆ 70 ಮೆಗಾಬಿಟ್ ಹೋಗುತ್ತಿತ್ತು. ಕಂಪ್ಯೂಟರ್ ಕಳಿಸುವಾಗ ಟಿಟಿಎಲ್ 64 ಇರುತ್ತದೆ. ಲೂಪಿನಲ್ಲಿ ಸಿಕ್ಕ ಒಂದು ಪ್ಯಾಕೆಟ್ ಬೆಳಗಾವಿ–ಬಾಗಲಕೋಟೆ ಲಿಂಕನ್ನು ಎಷ್ಟು ಸಲ ದಾಟುತ್ತದೆ? ಬೆಳಗಾವಿ ಒಂದು ಕಳೆದು 63 ಮಾಡಿ ಕಳಿಸುತ್ತದೆ. ಬಾಗಲಕೋಟೆ 62 ಮಾಡಿ ವಾಪಸ್. ಆಮೇಲೆ 61, 60. ಬೆಳಗಾವಿಯಿಂದ ಬಾಗಲಕೋಟೆ ದಿಕ್ಕಿನಲ್ಲಿ 32 ಸಲ, ವಾಪಸ್ ದಿಕ್ಕಿನಲ್ಲಿ 31 ಸಲ. ಕೊನೆಗೆ ಬಾಗಲಕೋಟೆಯಲ್ಲಿ ಟಿಟಿಎಲ್ ಸೊನ್ನೆಯಾಗಿ ಪ್ಯಾಕೆಟ್ ಸಾಯುತ್ತದೆ.

ಇದನ್ನು ನೋಡಿ ಚುರುಕು ವಿದ್ಯಾರ್ಥಿ 70ನ್ನು 32ರಿಂದ ಗುಣಿಸಿ "ಲಿಂಕ್ ಮೇಲೆ 2240 ಮೆಗಾಬಿಟ್ ಬೀಳುತ್ತದೆ" ಎಂದು ಬರೆಯುತ್ತಾನೆ. ಗುಣಾಕಾರ ಸರಿ, ಉತ್ತರ ತಪ್ಪು. ಯಾಕೆ ಅಂತ ಅವನನ್ನೇ ಕೇಳಿ. ಬಾಗಲಕೋಟೆಯಿಂದ ವಾಪಸ್ ಬರುವ ಲಿಂಕ್ ಕೂಡ 100 ಮೆಗಾಬಿಟ್‌ನದೇ ಅಲ್ವಾ? ಅದರ ಮೇಲೆ ಎಷ್ಟೇ ಲೂಪ್ ಆದರೂ ಬೆಳಗಾವಿಗೆ 100ಕ್ಕಿಂತ ಜಾಸ್ತಿ ವಾಪಸ್ ಬರಲು ಸಾಧ್ಯವಿಲ್ಲ. ಬಾಗಲಕೋಟೆಗೇ ಹೋಗುವ ಟ್ರಾಫಿಕ್ 50 ಮೊದಲಿಂದಲೂ ಇದೆ ಅಂದುಕೊಳ್ಳಿ. ಹೊಸದಾಗಿ ತಿರುಗಿದ್ದು 70. ವಾಪಸ್ ಬಂದದ್ದು ಹೆಚ್ಚೆಂದರೆ 100. ಒಟ್ಟು 220 ಒಳಗೆ, 100 ಹೊರಗೆ. ಕ್ಯೂ ಬೆಳೆಯುವ ವೇಗ ಹೆಚ್ಚೆಂದರೆ ಸೆಕೆಂಡಿಗೆ 120 ಮೆಗಾಬಿಟ್. ಬಫರ್ 1 ಮೆಗಾಬೈಟ್, ಅಂದರೆ 8 ಮೆಗಾಬಿಟ್ ಇದ್ದರೆ, ತೀರಾ ಬೇಗ ಅಂದರೂ ತುಂಬಲು ಸುಮಾರು 67 ಮಿಲಿಸೆಕೆಂಡ್ ಬೇಕು.

ಅಂದರೆ ಲೂಪ್ 20 ಮಿಲಿಸೆಕೆಂಡಿನಲ್ಲಿ ಮುಗಿದರೆ ಬಫರ್ ತುಂಬುವುದೇ ಇಲ್ಲ. ಸಿಕ್ಕಿಕೊಂಡ ಪ್ಯಾಕೆಟ್‌ಗಳು ಬಾಗಲಕೋಟೆಯ ಟೇಬಲ್ ಬದಲಾದ ಕೂಡಲೇ ಬಿಡುಗಡೆಯಾಗಿ ವಿಜಯಪುರ ಸೇರುತ್ತವೆ. ತಡವಾಗಿ, ಹಿಂದುಮುಂದಾಗಿ ಸೇರುತ್ತವೆ, ಅಷ್ಟೇ. ಹಿಂದುಮುಂದಾದದ್ದಕ್ಕೆ ಟಿಸಿಪಿ ಪ್ಯಾಕೆಟ್ ಕಳೆದಿದೆ ಅಂದುಕೊಂಡು ಮತ್ತೆ ಕಳಿಸಬಹುದು. ಲೂಪ್ 200 ಮಿಲಿಸೆಕೆಂಡ್ ಎಳೆದರೆ ಬಫರ್ ತುಂಬುತ್ತದೆ. ಆಗ ಬೀಳುವ ಪ್ಯಾಕೆಟ್‌ಗಳಲ್ಲಿ ಬಾಗಲಕೋಟೆಯವರದೂ ಇರುತ್ತವೆ. ಅವರ ಲಿಂಕ್ ಕಡಿದಿಲ್ಲ, ಅವರ ದಾರಿ ಬದಲಾಗಿಲ್ಲ, ಆದರೂ ಪೆಟ್ಟು ಅವರಿಗೂ.

ಇಷ್ಟು ಚಿಕ್ಕ ಲೂಪನ್ನು ಲ್ಯಾಬಿನಲ್ಲಿ ಹಿಡಿಯುವುದು ಕಷ್ಟ. ಅದಕ್ಕೆ ಬಾಗಲಕೋಟೆ ರೂಟರ್ ಬೇಕಂತಲೇ ತಡ ಮಾಡಲಿ. ಎಫ್‌ಆರ್‌ಆರ್‌ನಲ್ಲಿ `router ospf` ಒಳಗೆ ಇದನ್ನು ಕೊಟ್ಟರೆ ಅದು ಲೆಕ್ಕ ಹಾಕಲು 5 ಸೆಕೆಂಡ್ ಕಾಯುತ್ತದೆ:

```
timers throttle spf 5000 5000 5000
```

ಈಗ ಬೆಳಗಾವಿ ಕಡೆಯ ಕಂಪ್ಯೂಟರಿನಿಂದ ವಿಜಯಪುರಕ್ಕೆ ಪಿಂಗ್ ಬಿಟ್ಟು ಲಿಂಕ್ ಡೌನ್ ಮಾಡಿ. ಪಿಂಗ್ ಸುಮ್ಮನೆ ನಿಲ್ಲುವುದಿಲ್ಲ, ಬಾಗಲಕೋಟೆಯ ವಿಳಾಸದಿಂದ `Time to live exceeded` ಎಂಬ ಉತ್ತರ ಬರುತ್ತದೆ. ಬೆಳಗಾವಿ–ಬಾಗಲಕೋಟೆ ಲಿಂಕ್ ಮೇಲೆ `tcpdump -v` ಹಾಕಿದ್ದರೆ ಒಂದೇ ನಂಬರಿನ ಪಿಂಗ್ 63, 62, 61 ಎಂದು ಇಳಿಯುತ್ತಾ ಓಡಾಡುವುದು ಸಾಲು ಸಾಲಾಗಿ ಕಾಣುತ್ತದೆ. ಲೂಪಿನ ಗುರುತು ಇದೇ. ಸದ್ದಿಲ್ಲದೆ ಕಡಿದಾಗ ಉತ್ತರವೇ ಬರುವುದಿಲ್ಲ. ಲೂಪ್ ಆದಾಗ ಟಿಟಿಎಲ್ ಮುಗಿದ ಸುದ್ದಿ ಬರುತ್ತದೆ.

ಲೂಪ್ ಮುಗಿಯಿತು, ಟೇಬಲ್ ಸರಿಯಾಯಿತು. ಆಮೇಲೂ ಬೆಳಗಾವಿ–ಬಾಗಲಕೋಟೆ ಲಿಂಕ್ ಮೇಲೆ 50 ಮತ್ತು 70 ಸೇರಿ 120 ಇದೆ, ಜಾಗ ಇರುವುದು 100ಕ್ಕೆ. ಮೇಲಿನ 20 ಬಫರಿಗೆ ಹೋಗುತ್ತದೆ, 0.4 ಸೆಕೆಂಡಿನಲ್ಲಿ ಅದು ತುಂಬುತ್ತದೆ. ತುಂಬಿದ ಕ್ಯೂ ದಾಟಲು ಒಂದು ಪ್ಯಾಕೆಟ್‌ಗೆ 80 ಮಿಲಿಸೆಕೆಂಡ್. ಮೊದಲು 10 ಮಿಲಿಸೆಕೆಂಡ್ ಇದ್ದ ಪಿಂಗ್ 90ಕ್ಕೆ ಏರುತ್ತದೆ. ಕಳಿಸುವವರು ಯಾರೂ ವೇಗ ತಗ್ಗಿಸದಿದ್ದರೆ ಆರರಲ್ಲಿ ಒಂದು ಪ್ಯಾಕೆಟ್ ಬೀಳುತ್ತದೆ. ಟಿಸಿಪಿ ತಗ್ಗಿಸುತ್ತದೆ, ಅದಕ್ಕೇ ನಡೆಯುತ್ತದೆ. ಓಎಸ್‌ಪಿಎಫ್ ಈ ದಟ್ಟಣೆಯನ್ನು ನೋಡುವುದೇ ಇಲ್ಲ. ಅದಕ್ಕೆ ಕಾಸ್ಟ್ ಗೊತ್ತು, ಲಿಂಕ್ ಇದೆಯೋ ಇಲ್ಲವೋ ಗೊತ್ತು, ಎಷ್ಟು ತುಂಬಿದೆ ಅಂತ ಗೊತ್ತಿಲ್ಲ. ಇಷ್ಟನ್ನು ಮಕ್ಕಳು ಸುಲಭವಾಗಿ ಹಿಡಿಯುತ್ತಾರೆ, ನಾನು ಮುಂದೆ ಹೋಗುತ್ತೇನೆ.

ಎರಡನೇ ಕವಲು, ಸದ್ದಿಲ್ಲದೆ ಕಡಿದದ್ದು. ಇದು ನನಗೆ ಹೆಚ್ಚು ಇಷ್ಟವಾದ ಪ್ರಶ್ನೆ. ಇಲ್ಲಿ ಮಾತಿನ ನಡುವೆ ಮುಂದಿನ ಸಾಲಿನಿಂದ ಒಬ್ಬ ಮೇಡಂ ಕೇಳಿದರು: "ಸರ್, ಲ್ಯಾಬಿನ್ಯಾಗ ಪಿಂಗ್ ವಾಪಸ್ ಬಂದಿರತೈತಿ, ಡೌನ್‌ಲೋಡ್ ಮಾತ್ರ ನಿಂತಲ್ಲೇ ನಿಂತಿರತೈತಿ. ಹುಡುಗ್ರು ಯಾಕ್ರಿ ಅಂತ ಕೇಳಿದ್ರ ಏನ್ ಹೇಳೂದ್ರಿ?" ನಾನು ಹೇಳಬೇಕೆಂದಿದ್ದದ್ದೂ ಅದನ್ನೇ.

ಕಡಿದ ಕ್ಷಣವನ್ನು ಸೊನ್ನೆ ಅನ್ನೋಣ. ಡೌನ್‌ಲೋಡ್ ಒಂದು ಟಿಸಿಪಿ ಕನೆಕ್ಷನ್. ಕಳಿಸಿದ್ದಕ್ಕೆ ಉತ್ತರ ಬರಲಿಲ್ಲ. ಆರ್‌ಎಫ್‌ಸಿ 6298 ಹೇಳುವ ಹಾಗೆ ಕಾಯುವ ಕನಿಷ್ಠ ಸಮಯ 1 ಸೆಕೆಂಡ್ ಅಂತಿಟ್ಟುಕೊಳ್ಳಿ. 1 ಸೆಕೆಂಡಿಗೆ ಮತ್ತೆ ಕಳಿಸಿತು. ಉತ್ತರ ಇಲ್ಲ. ಈಗ ಕಾಯುವುದು 2 ಸೆಕೆಂಡ್. ಆಮೇಲೆ 4, 8, 16, 32. ಪ್ರತಿ ಸಲ ಎರಡು ಪಟ್ಟು. ಗಡಿಯಾರ ನೋಡಿದರೆ ಮರುಯತ್ನಗಳು ಬೀಳುವುದು 1, 3, 7, 15, 31, 63ನೇ ಸೆಕೆಂಡಿಗೆ.

ಕೊನೆಯ ಹಲೋ 6 ಸೆಕೆಂಡ್ ಮೊದಲು ಬಂದಿತ್ತು. ರೂಟರ್‌ಗೆ 34ನೇ ಸೆಕೆಂಡಿಗೆ ಗೊತ್ತಾಯಿತು, ಸ್ವಲ್ಪ ಹೊತ್ತಿನಲ್ಲೇ ಹೊಸ ದಾರಿ ತಯಾರು. ಪಿಂಗ್ ಸೆಕೆಂಡಿಗೊಂದು ಹೋಗುತ್ತಲೇ ಇರುತ್ತದೆ, ಅದು 35ನೇ ಸೆಕೆಂಡಿನ ಹೊತ್ತಿಗೆ ವಾಪಸ್ ಬಂತು. ಆದರೆ ಟಿಸಿಪಿ 31ನೇ ಸೆಕೆಂಡಿನ ಯತ್ನದಲ್ಲಿ ಸೋತು ಕೂತಿದೆ. ಅದರ ಮುಂದಿನ ಸರದಿ 63. ದಾರಿ ತೆರೆದಿದ್ದರೂ ಇನ್ನೂ 28–29 ಸೆಕೆಂಡ್ ಅದು ಸುಮ್ಮನೆ ಕಾಯುತ್ತದೆ. ದಾರಿ ತೆರೆದಿದೆ ಅಂತ ರೂಟರ್ ಟಿಸಿಪಿಗೆ ಹೇಳುವ ವ್ಯವಸ್ಥೆ ಇಲ್ಲ.

ಈಗ ಮೊದಲು ಬಿಟ್ಟಿದ್ದ ಮಾತಿಗೆ ಬರೋಣ. ಕೊನೆಯ ಹಲೋ 6ರ ಬದಲು 9.5 ಸೆಕೆಂಡ್ ಮೊದಲು ಬಂದಿದ್ದರೆ? ರೂಟರ್‌ಗೆ 30.5ಕ್ಕೆ ಗೊತ್ತಾಗುತ್ತಿತ್ತು. ಹೊಸ ದಾರಿ 30.8ಕ್ಕೆ ತಯಾರಾದರೆ 31ನೇ ಸೆಕೆಂಡಿನ ಯತ್ನವೇ ಗೆಲ್ಲುತ್ತಿತ್ತು. ರೂಟರ್ ಮೂರೂವರೆ ಸೆಕೆಂಡ್ ತಡ ಮಾಡಿದ್ದಕ್ಕೆ ಬಳಸುವವನು 32 ಸೆಕೆಂಡ್ ಕಳೆದುಕೊಂಡ. ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಇದನ್ನೇ ಕೇಳಬಹುದು. ಹಲೋ ಬಂದ ಸಮಯ ಬದಲಿಸಿ ಕೊಟ್ಟರೆ ಉತ್ತರ ಬೇರೆ ಬೇರೆ ಬರುತ್ತದೆ, ಹಾಗಾಗಿ ಬಾಯಿಪಾಠ ಕೆಲಸಕ್ಕೆ ಬಾರದು.

ಲಿನಕ್ಸ್‌ನಲ್ಲಿ ಕಾಯುವಿಕೆ 1 ಸೆಕೆಂಡಿನಿಂದ ಶುರುವಾಗುವುದಿಲ್ಲ, ಸುಮಾರು 0.2 ಸೆಕೆಂಡಿನಿಂದ ಶುರು. ಆಗ ಯತ್ನಗಳು 0.2, 0.6, 1.4, 3, ಹೀಗೆ ಹೋಗಿ ಕೊನೆಗೆ 25.4, ಆಮೇಲೆ 51ನೇ ಸೆಕೆಂಡಿಗೆ ಬೀಳುತ್ತವೆ. ಲ್ಯಾಬಿನಲ್ಲಿ ಡೌನ್‌ಲೋಡ್ 63ರ ಬದಲು ಸುಮಾರು 51ಕ್ಕೆ ಎದ್ದರೆ ಗಾಬರಿ ಬೇಡ. ಕಳಿಸುವ ಕಂಪ್ಯೂಟರಿನಲ್ಲಿ `ss -ti` ಕೊಟ್ಟರೆ `rto` ಮತ್ತು `backoff` ಏರುತ್ತಿರುವುದು ಕಾಣುತ್ತದೆ. ಒಂದು ಮಾತು ನೆನಪಿಡಿ: ನೋಡಬೇಕಾದ್ದು ಕಳಿಸುವ ಕಡೆ. ಡೌನ್‌ಲೋಡ್ ಪಡೆಯುವ ಕಡೆ ನೋಡಿದರೆ ಏನೂ ಕಾಣುವುದಿಲ್ಲ, ಅದು ಕಾಯುತ್ತಿರುತ್ತದೆ ಅಷ್ಟೇ.

ಇದಕ್ಕೆ ಜೋಡಿಯಾಗಿ ಒಂದು ಸಣ್ಣ ಪ್ರಶ್ನೆ. 40ನೇ ಸೆಕೆಂಡಿಗೆ ವಿದ್ಯಾರ್ಥಿ ಬೇಸತ್ತು ಡೌನ್‌ಲೋಡ್ ರದ್ದು ಮಾಡಿ ಮತ್ತೆ ಶುರು ಮಾಡಿದ. ತಕ್ಷಣ ಓಡಿತು. ಯಾಕೆ? ಹೊಸ ಕನೆಕ್ಷನ್‌ಗೆ ಹಳೆಯ ಕಾಯುವಿಕೆಯ ಲೆಕ್ಕ ಇಲ್ಲ. ಎಲ್ಲ ಮಕ್ಕಳೂ ಇದನ್ನು ಮೊಬೈಲಿನಲ್ಲಿ ಮಾಡಿರುತ್ತಾರೆ, ಕಾರಣ ಕೇಳಿದವರು ಕಡಿಮೆ.

ಇಷ್ಟಾದ ಮೇಲೆ ಮಕ್ಕಳು ಕೇಳುತ್ತಾರೆ, ಟಿಸಿಪಿ ಯಾಕೆ ಹೀಗೆ ಎರಡು ಪಟ್ಟು ಕಾಯಬೇಕು, ಸೆಕೆಂಡಿಗೊಂದು ಸಲ ನೋಡಬಾರದಾ ಅಂತ. ನ್ಯಾಯವಾದ ಪ್ರಶ್ನೆ. ಟಿಸಿಪಿಗೆ ಲಿಂಕ್ ಕಡಿದಿದೆಯೋ, ಕ್ಯೂ ತುಂಬಿ ಪ್ಯಾಕೆಟ್ ಬೀಳುತ್ತಿದೆಯೋ ಗೊತ್ತಾಗುವುದಿಲ್ಲ. ಎರಡರಲ್ಲೂ ಕಾಣುವುದು ಒಂದೇ: ಉತ್ತರ ಇಲ್ಲ. ತುಂಬಿದ ದಾರಿಗೆ ಎಲ್ಲರೂ ಮತ್ತೆ ಮತ್ತೆ ಅದನ್ನೇ ಸುರಿದರೆ ಏನಾಗುತ್ತದೆ ಅನ್ನುವುದು 1986ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಕಂಡಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ ದೂರ 400 ಗಜ. ಅಲ್ಲಿ ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದದ್ದು 40 ಬಿಟ್‌ಗೆ ಕುಸಿಯಿತು. ವ್ಯಾನ್ ಜೇಕಬ್‌ಸನ್ ಅದರ ಬೆನ್ನು ಹತ್ತಿ 1988ರಲ್ಲಿ ಬರೆದದ್ದರಿಂದಲೇ ಇವತ್ತಿನ ಟಿಸಿಪಿಯ ದಟ್ಟಣೆ ನಿಯಂತ್ರಣ ಬಂತು. ಹಾಗಾಗಿ ಟಿಸಿಪಿ ಅನುಮಾನ ಬಂದಾಗ ದಟ್ಟಣೆ ಅಂತಲೇ ತಿಳಿದು ಹಿಂದೆ ಸರಿಯುತ್ತದೆ. ಲಿಂಕ್ ಕಡಿದಾಗ ಅದೇ ಎಚ್ಚರಿಕೆ ನಮಗೆ ಅರ್ಧ ನಿಮಿಷ ತಿನ್ನುತ್ತದೆ.

ಹಾಗಾದರೆ ಹಲೋ ಸಮಯವನ್ನೇ ಕಡಿಮೆ ಮಾಡೋಣ, ಸೆಕೆಂಡಿಗೊಂದು ಹಲೋ, 4 ಸೆಕೆಂಡಿಗೆ ತೀರ್ಮಾನ? ಮಾಡಬಹುದು. ಬಿಎಫ್‌ಡಿ ಎಂಬ ಹಗುರ ವಿಧಾನ ಇರುವುದೇ ಇದಕ್ಕೆ. ಎಫ್‌ಆರ್‌ಆರ್‌ನಲ್ಲಿ ಅದರ ಮೂಲ ಲೆಕ್ಕ 300 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಮೂರು ತಪ್ಪಿದರೆ ಲಿಂಕ್ ಹೋಯಿತು, ಅಂದರೆ ಒಂದು ಸೆಕೆಂಡಿನ ಒಳಗೆ. ಆದರೆ ಮಕ್ಕಳಿಗೆ ಇದರ ಇನ್ನೊಂದು ಮುಖವನ್ನೂ ಕೇಳಿ: ಕ್ಯೂ ತುಂಬಿ ಹಲೋ ಪ್ಯಾಕೆಟ್‌ಗಳೇ ಬಿದ್ದುಹೋದರೆ? ಲಿಂಕ್ ಚೆನ್ನಾಗಿದೆ, ರೂಟರ್ ಅದನ್ನು ಸತ್ತಿದೆ ಅನ್ನುತ್ತದೆ, ಟ್ರಾಫಿಕ್ ಇನ್ನೊಂದು ಲಿಂಕಿಗೆ ಹೋಗುತ್ತದೆ, ಅದೂ ತುಂಬುತ್ತದೆ. ಮೊದಲ ಲಿಂಕ್ ಖಾಲಿಯಾಗಿ ಹಲೋ ಮತ್ತೆ ಬರುತ್ತದೆ, ಎಲ್ಲ ವಾಪಸ್ ಅಲ್ಲಿಗೆ. ಹೀಗೆ ಆ ಕಡೆ ಈ ಕಡೆ ಓಲಾಡುತ್ತಿರುತ್ತದೆ. ಅದಕ್ಕೇ ರೂಟರ್‌ಗಳಲ್ಲಿ ಹಲೋಗೆ ಬೇರೆ ಕ್ಯೂ ಕೊಟ್ಟು ಮೊದಲು ಬಿಡುವ ಪದ್ಧತಿ ಇದೆ. ಸಮಯ ತಗ್ಗಿಸುವ ಮೊದಲು ಅದು ಇದೆಯೇ ಅಂತ ನೋಡಬೇಕು.

ಕೊನೆಯ ಪ್ರಶ್ನೆ, ಫೈಬರ್ ಜೋಡಿಸಿ ಲಿಂಕ್ ವಾಪಸ್ ಬಂದಾಗಿನದು. ಆಗಲೂ ಬೆಳಗಾವಿಗೇ ಮೊದಲು ಗೊತ್ತಾಗುತ್ತದೆ, ಬಾಗಲಕೋಟೆಗೆ ಆಮೇಲೆ. ಈಗಲೂ ಲೂಪ್ ಆಗುತ್ತದೆಯೇ? ಬಿಡಿಸಿ ನೋಡಿ. ಬೆಳಗಾವಿ ಮೊದಲು ಬದಲಾಗಿ ಪ್ಯಾಕೆಟ್‌ಗಳನ್ನು ನೇರ ವಿಜಯಪುರಕ್ಕೆ ಕಳಿಸುತ್ತದೆ. ಬಾಗಲಕೋಟೆ ಇನ್ನೂ ತನ್ನ ನೇರ ಲಿಂಕಿನಲ್ಲೇ ವಿಜಯಪುರಕ್ಕೆ ಕಳಿಸುತ್ತಿರುತ್ತದೆ. ಯಾರ ಪ್ಯಾಕೆಟ್ಟೂ ಹಿಂದೆ ತಿರುಗುವುದಿಲ್ಲ, ಲೂಪ್ ಇಲ್ಲ. ಬಾಗಲಕೋಟೆ ಮೊದಲು ಬದಲಾಗಿದ್ದರೆ ಮಾತ್ರ ಲೂಪ್ ಆಗುತ್ತಿತ್ತು. ಕಡಿದಾಗ ಇದರ ಉಲ್ಟಾ: ದೂರದ ಬಾಗಲಕೋಟೆ ಮೊದಲು ಬದಲಾಗಿ, ಬೆಳಗಾವಿ ಆಮೇಲೆ ಬದಲಾದರೆ ಲೂಪ್ ಆಗುವುದಿಲ್ಲ. ಆದರೆ ಸುದ್ದಿ ಹುಟ್ಟುವುದು ಕಡಿದ ಜಾಗದಲ್ಲಿ, ಅದರ ಹತ್ತಿರದವರಿಗೇ ಮೊದಲು ತಿಳಿಯುತ್ತದೆ. ಹಾಗಾದರೆ ಬೆಳಗಾವಿ ರೂಟರ್ ಹೊಸ ದಾರಿಯನ್ನು ತಯಾರಿಟ್ಟುಕೊಂಡು, ಬಳಸುವ ಮೊದಲು ಸ್ವಲ್ಪ ಹೊತ್ತು ಬೇಕಂತಲೇ ಕಾದರೆ ಲಾಭವೋ ನಷ್ಟವೋ? ಆ ಹೊತ್ತಿನಲ್ಲಿ 70 ಮೆಗಾಬಿಟ್‌ನ ಟ್ರಾಫಿಕ್ ಬೀಳುತ್ತದೆ, ಆದರೆ ಬಾಗಲಕೋಟೆಯವರ 50ಕ್ಕೆ ಲೂಪಿನ ಪೆಟ್ಟು ಬೀಳುವುದಿಲ್ಲ. ಎಷ್ಟು ಮಿಲಿಸೆಕೆಂಡ್ ಕಾಯಬೇಕು, ಬಫರ್ ತುಂಬುವ 67 ಮಿಲಿಸೆಕೆಂಡಿಗೂ ಅದಕ್ಕೂ ಏನು ಸಂಬಂಧ ಅಂತ ಮಕ್ಕಳು ಲೆಕ್ಕ ಹಾಕಲಿ.